ಅರಿಶಿನದ ಕಾಗದ ಕೆಂಪಾಗುವುದೇಕೆ?
(ಮಕ್ಕಳಿಗಾಗಿ ಅಡುಗೆಮನೆಯ ಒಂದು ಪ್ರಯೋಗ)

ಬಿಳಿಯ ಅಂಗಿಯ ಮೇಲೆ ಸಾರು ಚೆಲ್ಲಿದರೆ ಹಳದಿ ಕಲೆಯಾಗುತ್ತದೆ. ಅದಕ್ಕೆ ಸಾಬೂನು ಹಚ್ಚಿದೊಡನೆ ಕಲೆ ಮಾಯವಾಗುವ ಬದಲು ಕೆಂಪಾಗುತ್ತದೆ. ಬಟ್ಟೆ ಹಾಳಾಯಿತೆಂದು ಮಕ್ಕಳು ಹೆದರುತ್ತಾರೆ. ಆದರೆ ಚೆನ್ನಾಗಿ ಜಾಲಿಸಿದರೆ ಕೆಂಪು ಹೋಗಿ ಮತ್ತೆ ಹಳದಿಯೇ ಉಳಿಯುತ್ತದೆ. ಈ ಬಣ್ಣದ ಬದಲಾವಣೆಯ ಕಾರಣವನ್ನು ಮಕ್ಕಳೇ ಕಂಡುಕೊಳ್ಳುವಂತೆ ಕೆಳಗಿನ ಪ್ರಯೋಗವನ್ನು ರೂಪಿಸಲಾಗಿದೆ. ಎಂಟು ವರ್ಷ ಮೇಲ್ಪಟ್ಟ ಮಕ್ಕಳು ಇದನ್ನು ಹಿರಿಯರೊಬ್ಬರ ಜೊತೆಯಲ್ಲಿ ಮಾಡಬಹುದು.

ಬೇಕಾಗುವ ಸಾಮಗ್ರಿ

ಒಂದು ಚಮಚ ಅರಿಶಿನದ ಪುಡಿ, ಒಂದು ನಿಂಬೆಹಣ್ಣು, ಅರ್ಧ ಚಮಚ ಅಡುಗೆ ಸೋಡಾ, ಬಟ್ಟೆ ಒಗೆಯುವ ಸಾಬೂನಿನ ಸಣ್ಣ ಚೂರು, ನೀರು, ಬಿಳಿಯ ಕಾಗದ, ನಾಲ್ಕು ಬಟ್ಟಲು ಮತ್ತು ನಾಲ್ಕು ಚಮಚ. ಮೇಜಿನ ಮೇಲೆ ಹಳೆಯ ವೃತ್ತಪತ್ರಿಕೆ ಹಾಸಬೇಕು. ಮಕ್ಕಳು ಹಳೆಯ ಬಟ್ಟೆ ತೊಟ್ಟಿರಬೇಕು.

ಎಲೆ ಅಡಿಕೆಗೆ ಬಳಸುವ ಸುಣ್ಣದಿಂದ ಬಣ್ಣ ಇನ್ನೂ ಬೇಗ ಬದಲಾಗುತ್ತದೆ. ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ತೀವ್ರ ಗಾಯವಾಗುವುದರಿಂದ ಅದನ್ನು ಮಕ್ಕಳ ಕೈಗೆ ಕೊಡಬಾರದು. ಒಗೆಯುವ ಪುಡಿಯನ್ನೂ ಬಳಸಬಾರದು. ಪ್ರಯೋಗದ ಯಾವ ದ್ರವವನ್ನೂ ರುಚಿ ನೋಡಬಾರದು. ನಿಂಬೆರಸ ಅಥವಾ ಸಾಬೂನು ನೀರು ಕಣ್ಣಿಗೆ ಸಿಡಿದರೆ ತಕ್ಷಣ ತಣ್ಣೀರಿನಿಂದ ಚೆನ್ನಾಗಿ ತೊಳೆಯಬೇಕು.

ಪೂರ್ವಸಿದ್ಧತೆ

ಅರಿಶಿನಕ್ಕೆ ಎರಡು ಚಮಚ ನೀರು ಬೆರೆಸಿ, ಕಾಗದದ ಮೇಲೆ ತೆಳುವಾಗಿ ಸವರಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲು ಅರಿಶಿನದ ಬಣ್ಣವನ್ನು ಕುಂದಿಸುತ್ತದೆ. ಒಣಗಿದ ಮೇಲೆ ಸಡಿಲ ಪುಡಿಯನ್ನು ಕೊಡವಿ, ಕಾಗದವನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಬೇಕು. ಮೊದಲನೆಯ ಬಟ್ಟಲಿನಲ್ಲಿ ಬರಿಯ ನೀರು, ಎರಡನೆಯದರಲ್ಲಿ ನಿಂಬೆರಸ, ಮೂರನೆಯದರಲ್ಲಿ ನಾಲ್ಕು ಚಮಚ ನೀರಿನಲ್ಲಿ ಕದಡಿದ ಅಡುಗೆ ಸೋಡಾ, ನಾಲ್ಕನೆಯದರಲ್ಲಿ ಅಷ್ಟೇ ನೀರಿನಲ್ಲಿ ಕರಗಿಸಿದ ಸಾಬೂನು ಇರಲಿ. ಪ್ರತಿ ಬಟ್ಟಲಿಗೂ ಹೆಸರು ಬರೆದ ಚೀಟಿ ಮತ್ತು ಅದರದೇ ಚಮಚ ಇರಬೇಕು.

ಪ್ರಯೋಗದ ಕ್ರಮ

ಹಿರಿಯರು ಪ್ರತಿ ಹಂತದಲ್ಲಿ ಪ್ರಶ್ನೆಯನ್ನು ಕೇಳಿ, ಮಕ್ಕಳು ತಮ್ಮ ಊಹೆಯನ್ನು ಬರೆಯುವವರೆಗೆ ಸುಮ್ಮನಿರಬೇಕು. ಬರೆದ ಊಹೆಯನ್ನು ಆಮೇಲೆ ಅಳಿಸಬಾರದು.

ಹಂತ 1. ಹಿರಿಯರು: "ಈ ಪಟ್ಟಿಯ ಮೇಲೆ ಬರಿಯ ನೀರಿನ ಎರಡು ಹನಿ ಹಾಕಿದರೆ ಏನಾಗುತ್ತದೆ?"
(ನಿಲ್ಲಿ. ಊಹೆ ಬರೆಯಲಿ. ಬಳಿಕ ಹನಿ ಹಾಕಲಿ.)
ನೆನೆದ ಜಾಗ ತುಸು ಗಾಢವಾಗಿ ಕಾಣುತ್ತದೆ, ಆದರೆ ಬಣ್ಣ ಹಳದಿಯೇ. ಉಳಿದ ಮೂರು ದ್ರವಗಳಲ್ಲಿಯೂ ನೀರಿದೆ. ನೀರಿನಿಂದ ಏನಾಗುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಮಾತ್ರ ಮುಂದಿನ ಬದಲಾವಣೆ ನೀರಿನದಲ್ಲವೆಂದು ಹೇಳಬಹುದು.

ಹಂತ 2. ಹಿರಿಯರು: "ನಿಂಬೆರಸ ಹುಳಿ. ಅದು ಬಣ್ಣವನ್ನು ಬದಲಿಸುತ್ತದೆಯೇ?"
(ನಿಲ್ಲಿ. ಹೊಸ ಪಟ್ಟಿಯ ಮೇಲೆ ಹನಿ ಹಾಕಲಿ.)
ಇಲ್ಲಿಯೂ ಹಳದಿಯೇ ಉಳಿಯುತ್ತದೆ. ಬದಲಾಗುತ್ತದೆಂದು ಬರೆದ ಮಗುವಿಗೆ ನಿರಾಶೆಯಾಗಬಹುದು. "ಏನೂ ಆಗಲಿಲ್ಲ ಎಂಬುದೂ ಒಂದು ಫಲಿತಾಂಶವೇ, ಹಾಗೆಯೇ ಬರೆದುಕೋ" ಎಂದು ಹಿರಿಯರು ಹೇಳಬೇಕು.

ಹಂತ 3. ಹಿರಿಯರು: "ಸೋಡಾ ನೀರು, ಸಾಬೂನು ನೀರು, ಎರಡನ್ನೂ ಹಾಕೋಣ. ಎರಡೂ ಒಂದೇ ರೀತಿ ಕಾಣುತ್ತವೆಯೇ?"
(ನಿಲ್ಲಿ. ಎರಡು ಪಟ್ಟಿಗಳ ಮೇಲೆ ಹಾಕಲಿ.)
ಸಾಬೂನು ಬಿದ್ದ ಜಾಗ ಕೆಂಪಾಗುತ್ತದೆ. ಸೋಡಾ ಬಿದ್ದ ಜಾಗ ಸಾಮಾನ್ಯವಾಗಿ ಕಿತ್ತಳೆ ಬಣ್ಣದಲ್ಲಿಯೇ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ಮಕ್ಕಳು ತಾವಾಗಿಯೇ ಗಮನಿಸಲು ಅವಕಾಶ ಕೊಡಬೇಕು.

ಹಂತ 4. ಹಿರಿಯರು: "ಈ ಕೆಂಪು ಜಾಗದ ಮೇಲೆ ನಿಂಬೆರಸ ಹಾಕಿದರೆ? ಕೆಂಪು ಹೆಚ್ಚುತ್ತದೆಯೇ, ಹಾಗೆಯೇ ಇರುತ್ತದೆಯೇ, ಹೋಗುತ್ತದೆಯೇ?"
(ನಿಲ್ಲಿ. ಹನಿಹನಿಯಾಗಿ ಹಾಕಲಿ.)
ಎರಡು ಮೂರು ಹನಿಗಳಲ್ಲಿ ಹಳದಿ ಮರಳುತ್ತದೆ. ಅದೇ ಜಾಗಕ್ಕೆ ಮತ್ತೆ ಸಾಕಷ್ಟು ಸಾಬೂನು ನೀರು ಹಾಕಿದರೆ ಕೆಂಪು ಮರಳುತ್ತದೆ. ಎರಡನೆಯ ಹಂತದಲ್ಲಿ ಏನನ್ನೂ ಮಾಡದಂತೆ ಕಂಡ ನಿಂಬೆರಸ ಇಲ್ಲಿ ಕೆಲಸ ಮಾಡಿತು. ಈ ಒಗಟನ್ನು ಬಿಡಿಸಿದರೆ ಇಡೀ ಪ್ರಯೋಗ ಅರ್ಥವಾಗುತ್ತದೆ.

ಫಲಿತಾಂಶದ ವಿವರಣೆ

ಅರಿಶಿನಕ್ಕೆ ಬಣ್ಣ ಕೊಡುವ ವಸ್ತು ಕರ್ಕ್ಯುಮಿನ್. ಅದು ಬೆಳಕಿನಲ್ಲಿರುವ ನೇರಳೆ ಮತ್ತು ನೀಲಿ ಭಾಗವನ್ನು ಹೀರಿಕೊಳ್ಳುತ್ತದೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ. ಸಾಬೂನು ಮತ್ತು ಸೋಡಾಗಳ ನೀರು ಕ್ಷಾರಗುಣವುಳ್ಳದ್ದು. ಕ್ಷಾರವು ಕರ್ಕ್ಯುಮಿನ್ ಅಣುವಿನಿಂದ ಜಲಜನಕದ ಅಯಾನನ್ನು ಕಿತ್ತುಕೊಳ್ಳುತ್ತದೆ. ಆಗ ಆ ಅಣು ಹಸಿರು ಭಾಗದ ಬೆಳಕನ್ನೂ ಹೀರತೊಡಗುತ್ತದೆ. ಉಳಿದದ್ದು ಕೆಂಪಾಗಿ ಕಾಣುತ್ತದೆ. ನಿಂಬೆರಸದಲ್ಲಿ ಆಮ್ಲವಿದೆ. ಅದು ಕಿತ್ತುಹೋದ ಅಯಾನನ್ನು ಮರಳಿ ಕೊಡುವುದರಿಂದ ಅಣು ಮೊದಲಿನ ರೂಪಕ್ಕೆ ಬಂದು ಹಳದಿಯಾಗುತ್ತದೆ. ಎರಡನೆಯ ಹಂತದಲ್ಲಿ ಅಣುವು ಏನನ್ನೂ ಕಳೆದುಕೊಂಡಿರಲಿಲ್ಲ. ಆದ್ದರಿಂದ ನಿಂಬೆರಸ ಮರಳಿ ಕೊಡಬೇಕಾದದ್ದೂ ಇರಲಿಲ್ಲ.

ಆಮ್ಲ ಮತ್ತು ಕ್ಷಾರಗಳನ್ನು ಅಳೆಯುವ ಪಿಎಚ್ ಮಾನದಲ್ಲಿ ಶುದ್ಧ ನೀರು 7. ಅರಿಶಿನದ ಬಣ್ಣ ಸುಮಾರು 8ರ ಆಸುಪಾಸಿನಲ್ಲಿ ಬದಲಾಗತೊಡಗುತ್ತದೆ. ಅಡುಗೆ ಸೋಡಾದ ನೀರು 8ಕ್ಕಿಂತ ತುಸು ಮೇಲಿದ್ದು ಹೊಸ್ತಿಲಿನಲ್ಲಿಯೇ ನಿಲ್ಲುತ್ತದೆ. ಒಗೆಯುವ ಸಾಬೂನಿನ ನೀರು 9ನ್ನು ದಾಟುವುದರಿಂದ ಬಣ್ಣ ಗಾಢವಾಗುತ್ತದೆ. ಹೀಗೆ ಬಣ್ಣದ ಮೂಲಕ ಗುಣವನ್ನು ತಿಳಿಸುವ ವಸ್ತುವಿಗೆ ಸೂಚಕವೆಂದು ಹೆಸರು. ಅರಿಶಿನ ಕ್ಷಾರದ ಸೂಚಕ ಮಾತ್ರ. ಬರಿಯ ನೀರು ಮತ್ತು ನಿಂಬೆರಸ ಎರಡರಲ್ಲಿಯೂ ಅದು ಹಳದಿಯೇ ಇರುವುದರಿಂದ, ಪಟ್ಟಿ ಹಳದಿಯಾಗಿಯೇ ಉಳಿದ ದ್ರವವನ್ನು ಆಮ್ಲವೆಂದು ಹೇಳಲಾಗದು.

ಫಲಿತಾಂಶ ಬಾರದಿದ್ದರೆ

ಸಾಬೂನಿನ ಪಟ್ಟಿ ಕೆಂಪಾಗದಿದ್ದರೆ ಸಾಬೂನಿನ ಬಗೆಯನ್ನು ನೋಡಬೇಕು. ಮೈ ತೊಳೆಯುವ ಕೆಲವು ಬಿಲ್ಲೆಗಳನ್ನು ಮತ್ತು ದ್ರವಗಳನ್ನು ಕ್ಷಾರವಿಲ್ಲದಂತೆ ತಯಾರಿಸಿರುತ್ತಾರೆ. ಬರಿಯ ನೀರಿನ ಪಟ್ಟಿ ಕೆಂಪಾದರೆ ಸಾಬೂನಿನ ಚಮಚ ಅದರಲ್ಲಿ ಅದ್ದಿರಬಹುದು, ಇಲ್ಲವೇ ಮಗುವಿನ ಕೈಯಲ್ಲಿ ಸಾಬೂನು ಉಳಿದಿರಬಹುದು. ಚಮಚ ತೊಳೆದು, ಕೈ ಒರೆಸಿ, ಹೊಸ ಪಟ್ಟಿಯಿಂದ ಮತ್ತೆ ನೋಡಬೇಕು. ಅರಿಶಿನ ದಪ್ಪವಾಗಿ ಮೆತ್ತಿಕೊಂಡಿದ್ದರೆ ನಿಂಬೆರಸ ಒಳಗಿನವರೆಗೆ ಇಳಿಯದೆ ಅಲ್ಲಲ್ಲಿ ಕೆಂಪು ಉಳಿಯುತ್ತದೆ.

ಕೊನೆಯ ಪ್ರಶ್ನೆ

ಈಗ ಅಂಗಿಯ ಕಲೆಗೆ ಮರಳಿ, ನೀರಿನಲ್ಲಿ ಜಾಲಿಸಿದಾಗ ಕೆಂಪು ಏಕೆ ಹೋಗುತ್ತದೆಂದು ಮಕ್ಕಳನ್ನೇ ಕೇಳಬೇಕು. ನೀರು ಸಾಬೂನನ್ನು ಕೊಚ್ಚಿಕೊಂಡು ಹೋದಂತೆ ಕ್ಷಾರ ಕಡಿಮೆಯಾಗಿ, ಉಳಿದ ಅರಿಶಿನ ತನ್ನ ಬಣ್ಣಕ್ಕೆ ಮರಳುತ್ತದೆ ಎಂಬ ಉತ್ತರ ಅವರಿಂದಲೇ ಬರಬಹುದು. ಆ ಹಳದಿಯನ್ನು ಬಿಸಿಲು ಮೆಲ್ಲಗೆ ಅಳಿಸುತ್ತದೆ. ಹಬ್ಬದ ದಿನ ಹಿರಿಯರು ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರನ್ನು ಸಿದ್ಧಪಡಿಸುವಾಗ, ಮಕ್ಕಳು ದೂರದಲ್ಲಿಯೇ ನಿಂತು ಅದಕ್ಕೂ ಕಾರಣ ಹೇಳಬಲ್ಲರು.