ಹತ್ತರಲ್ಲಿ ಎಂಟು ಹೆಡ್: ನಾಣ್ಯ ಮೋಸದ್ದೇ?

ಒಂದು ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಎಂಟು ಸಲ ಹೆಡ್ ಬಿದ್ದರೆ ಟಾಸ್ ಸೋತವರು ಸುಮ್ಮನಿರುವುದಿಲ್ಲ. ನಾಣ್ಯದಲ್ಲೇ ಏನೋ ಇದೆ ಎನ್ನುತ್ತಾರೆ. ಗೆದ್ದವರು ಎಲ್ಲ ಅದೃಷ್ಟ ಎಂದು ನಗುತ್ತಾರೆ. ಇಂಥ ತಕರಾರನ್ನು ಲೆಕ್ಕ ಹಾಕಿ ನೋಡುವ ಬಗೆಯೇ ಪ್ರಾಕ್ಕಲ್ಪನೆಯ ಪರೀಕ್ಷೆ. ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದಲ್ಲಿ ಮಕ್ಕಳು ಇದನ್ನು ಸೂತ್ರ, ಕೋಷ್ಟಕಗಳ ಮೂಲಕ ಕಲಿಯುತ್ತಾರೆ. ಆದರೆ ಮೊದಲ ಪಾಠಕ್ಕೆ ಒಂದು ರೂಪಾಯಿಯ ನಾಣ್ಯ, ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲು ನಾಣ್ಯದ ಪರ ವಹಿಸಬೇಕು. ಅದರಲ್ಲಿ ಯಾವ ದೋಷವೂ ಇಲ್ಲ, ಹೆಡ್ಡಿಗೂ ಟೇಲಿಗೂ ಸಮಪಾಲು ಎಂದು ಸದ್ಯಕ್ಕೆ ಒಪ್ಪಿಕೊಳ್ಳುವುದು. ಪಠ್ಯದಲ್ಲಿ ಇದಕ್ಕೆ ಶೂನ್ಯ ಪ್ರಾಕ್ಕಲ್ಪನೆ ಎಂದು ಹೆಸರು. ಇದು ನಿಜವಾಗಿದ್ದರೆ ಕಣ್ಣೆದುರಿನ ಫಲಿತಾಂಶ ಎಷ್ಟು ಅಪರೂಪದ್ದು ಎಂಬುದೇ ಮುಂದಿನ ಪ್ರಶ್ನೆ.

ಹತ್ತು ಸಲ ಚಿಮ್ಮಿದರೆ ಹೆಡ್-ಟೇಲ್‌ಗಳ ಸಾಲು 1,024 ಬಗೆಯಲ್ಲಿ ಬರಬಹುದು. ಪ್ರತಿ ಸಲವೂ ಎರಡೆರಡು ದಾರಿ, ಅವುಗಳ ಗುಣಲಬ್ಧ ಅಷ್ಟು. ದೋಷವಿಲ್ಲದ ನಾಣ್ಯಕ್ಕೆ ಈ ಎಲ್ಲ ಸಾಲುಗಳೂ ಸಮಾನ. ಎಂಟು ಹೆಡ್ ಎಂದರೆ ಎರಡು ಟೇಲ್. ಆ ಎರಡು ಟೇಲ್ ಎಲ್ಲೆಲ್ಲಿ ಕೂರಬಹುದು ಎಂದು ಎಣಿಸಿದರೆ 45 ಬಗೆ ಸಿಗುತ್ತವೆ. ಒಂಬತ್ತು ಹೆಡ್‌ಗೆ 10, ಹತ್ತೂ ಹೆಡ್‌ಗೆ 1. ಒಟ್ಟು 56.

ಒಂಬತ್ತು, ಹತ್ತನ್ನು ಏಕೆ ಸೇರಿಸಬೇಕು? ಎಂಟಕ್ಕೇ ಅನುಮಾನ ಪಟ್ಟವರು ಒಂಬತ್ತು ಬಿದ್ದಿದ್ದರೆ ಇನ್ನೂ ಜೋರಾಗಿ ಅನುಮಾನಿಸುತ್ತಿದ್ದರು. ಎಂಟು ಟೇಲ್ ಬಿದ್ದಿದ್ದರೂ ತಕರಾರು ಏಳುತ್ತಿತ್ತು. ಹಾಗಾಗಿ ಆ ಕಡೆಯ 56ನ್ನೂ ಕೂಡಿಸಿದರೆ 1,024ರಲ್ಲಿ 112, ಅಂದರೆ ಸುಮಾರು ಶೇ 11. ಇದೇ ಪಿ-ಮೌಲ್ಯ.

ಇದನ್ನು ಓದಬೇಕಾದದ್ದು ಹೀಗೆ: ಯಾವ ದೋಷವೂ ಇಲ್ಲದ ನಾಣ್ಯವನ್ನು ಹತ್ತತ್ತು ಸಲ ಚಿಮ್ಮುತ್ತ ಹೋದರೆ, ಅಂಥ ನೂರು ಆಟಗಳಲ್ಲಿ ಸುಮಾರು ಹನ್ನೊಂದರಲ್ಲಿ ಇಷ್ಟೇ ಅಥವಾ ಇದಕ್ಕಿಂತ ಹೆಚ್ಚಿನ ಏರುಪೇರು ಕಾಣುತ್ತದೆ. ಬಹಳಷ್ಟು ಮಂದಿ ಇದನ್ನು ‘ನಾಣ್ಯ ಸರಿಯಿರುವ ಸಾಧ್ಯತೆ ಶೇ 11’ ಎಂದು ತಿರುಗಿಸಿ ಓದುತ್ತಾರೆ. ಅದು ತಪ್ಪು. ನಾಣ್ಯ ಸರಿ ಎಂದು ಒಪ್ಪಿಕೊಂಡೇ ಲೆಕ್ಕ ಶುರುವಾಗಿತ್ತು. ಆ ಒಪ್ಪಿಗೆ ಎಷ್ಟು ನಿಜ ಎಂಬುದನ್ನು ಅದೇ ಲೆಕ್ಕ ಹೇಳಲಾರದು. ಬ್ಯಾಂಕಿನಿಂದ ತಂದ ನಾಣ್ಯಕ್ಕೂ ಜಾದೂಗಾರನ ಜೇಬಿನಿಂದ ಬಂದ ನಾಣ್ಯಕ್ಕೂ ಹತ್ತರಲ್ಲಿ ಎಂಟು ಹೆಡ್ ಬಿದ್ದರೆ ಪಿ-ಮೌಲ್ಯ ಒಂದೇ. ಎರಡರ ಮೇಲೂ ನಮ್ಮ ನಂಬಿಕೆ ಮಾತ್ರ ಒಂದೇ ಅಲ್ಲ.

ಪಿ-ಮೌಲ್ಯ ಶೇ 5ಕ್ಕಿಂತ ಕಡಿಮೆಯಾದರೆ ಶೂನ್ಯ ಪ್ರಾಕ್ಕಲ್ಪನೆಯನ್ನು ಕೈಬಿಡುವುದು ರೂಢಿ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಷರ್ 1925ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಗೆರೆ ಬಳಕೆಗೆ ಬಂತು. ಅದು ಅನುಕೂಲಕ್ಕೆ ಎಳೆದುಕೊಂಡದ್ದು, ನಿಸರ್ಗದ ನಿಯಮವಲ್ಲ.

ಗೆರೆಯ ಹತ್ತಿರ ಬಂದು ನಿಂತ ಪ್ರಕರಣವೊಂದು 2002ರಲ್ಲಿ ಸುದ್ದಿಯಾಯಿತು. ಯೂರೋ ನಾಣ್ಯಗಳು ಆಗಷ್ಟೇ ಚಲಾವಣೆಗೆ ಬಂದಿದ್ದವು. ಪೋಲೆಂಡಿನ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಬೆಲ್ಜಿಯಂನ ಒಂದು ಯೂರೋ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿದರು. 250 ಸಲದಲ್ಲಿ 140 ಸಲ ರಾಜನ ತಲೆಯ ಮುಖ ಮೇಲೆ ಬಂತು. ಮೇಲಿನಂತೆಯೇ ಲೆಕ್ಕ ಹಾಕಿದರೆ ಪಿ-ಮೌಲ್ಯ ಸುಮಾರು ಶೇ 6.6. ಅನುಮಾನಕ್ಕೆ ಎಡೆಯುಂಟು, ಆದರೆ ಶೇ 5ರ ಗೆರೆ ದಾಟಿಲ್ಲ. ಇನ್ನು ನೆಲದ ಮೇಲೆ ತಿರುಗಿಸುವುದೇ ಬೇರೆ, ಗಾಳಿಗೆ ಚಿಮ್ಮುವುದೇ ಬೇರೆ. ತಿರುಗುವ ನಾಣ್ಯದಲ್ಲಿ ಅಂಚಿನ ಸಣ್ಣ ಓರೆಯೂ ಫಲಿತಾಂಶವನ್ನು ಎಳೆಯಬಲ್ಲದು.

ಗೆರೆ ದಾಟಲಿಲ್ಲ ಎಂದ ಮಾತ್ರಕ್ಕೆ ನಾಣ್ಯ ಸರಿಯಿದೆ ಎಂದೂ ಆಗುವುದಿಲ್ಲ. ನೂರಕ್ಕೆ ಅರವತ್ತು ಹೆಡ್ ಬೀಳುವಂಥ ಓರೆ ನಾಣ್ಯವಿದೆ ಎನ್ನಿ. ಅದನ್ನು ಹತ್ತೇ ಸಲ ಚಿಮ್ಮಿ ಪರೀಕ್ಷಿಸಿದರೆ, ಶೇ 5ರ ಗೆರೆಯಲ್ಲಿ ಅದು ಸಿಕ್ಕಿಬೀಳುವುದು ನೂರರಲ್ಲಿ ಐದು ಸಲವೂ ಇಲ್ಲ. ಚಿಮ್ಮುವ ಸಂಖ್ಯೆ ನೂರಾರಕ್ಕೆ ಏರಿದಾಗಲೇ ಇಂಥ ಓರೆ ಬಯಲಾಗುತ್ತದೆ.

ತರಗತಿಯಲ್ಲಿ ಇನ್ನೊಂದು ಬಲೆಯಿದೆ. ನಲವತ್ತು ಮಕ್ಕಳು ತಲಾ ಹತ್ತು ಸಲ ಒಳ್ಳೆಯ ನಾಣ್ಯವನ್ನೇ ಚಿಮ್ಮಿದರೂ, ಒಬ್ಬರಿಗಾದರೂ ಒಂಬತ್ತು ಅಥವಾ ಹತ್ತು ಸಲ ಒಂದೇ ಮುಖ ಬೀಳುವ ಸಾಧ್ಯತೆ ಸುಮಾರು ಶೇ 58. ಆ ಒಬ್ಬರ ಹಾಳೆ ಮಾತ್ರ ನೋಡಿದರೆ ಪಿ-ಮೌಲ್ಯ ಸುಮಾರು ಶೇ 2; ಕಳ್ಳ ಸಿಕ್ಕ ಎಂದು ಇಡೀ ತರಗತಿ ಕೂಗುತ್ತದೆ. ಆಗ ಮೇಷ್ಟ್ರು ಮಾಡಬೇಕಾದದ್ದು ಇಷ್ಟು: ಅದೇ ನಾಣ್ಯವನ್ನು ಇನ್ನು ಎಷ್ಟು ಸಲ ಚಿಮ್ಮುವುದೆಂದು, ಉದಾಹರಣೆಗೆ ಇನ್ನೂರು ಸಲವೆಂದು, ಮೊದಲೇ ಬೋರ್ಡಿನ ಮೇಲೆ ಬರೆದು, ಹಳೆಯ ಹತ್ತನ್ನು ಬಿಟ್ಟು ಹೊಸದಾಗಿ ಎಣಿಸಲು ಹೇಳುವುದು.