ರಾಣಿಯರ ಜಗಳಕ್ಕೆ ಮೂರು ಪಟ್ಟಿ

ಚದುರಂಗದ ಹಲಗೆಯ ಮೇಲೆ ಎಂಟು ರಾಣಿಯರನ್ನು ಕೂರಿಸಬೇಕು, ಯಾರೂ ಯಾರನ್ನೂ ಹೊಡೆಯುವಂತಿರಬಾರದು. ಹಳಬರ ಬಾಯಲ್ಲಿ ಈ ಕಾಯಿ ‘ಮಂತ್ರಿ’. ಹೆಸರು ಯಾವುದಾದರೂ ಇರಲಿ, ಅಡ್ಡಕ್ಕೆ, ಉದ್ದಕ್ಕೆ, ಓರೆಯಾಗಿ ಎಷ್ಟು ದೂರ ಬೇಕಾದರೂ ನುಗ್ಗುವ ಕಾಯಿ ಅದು. 1848ರಲ್ಲಿ ಜರ್ಮನಿಯ ಮ್ಯಾಕ್ಸ್ ಬೆಜ್ಜೆಲ್ ಈ ಒಗಟನ್ನು ಒಂದು ಚೆಸ್ ಪತ್ರಿಕೆಯಲ್ಲಿ ಮುಂದಿಟ್ಟ. ಗಣಿತಜ್ಞ ಗಾಸ್ ಕೂಡ ಕೈಹಾಕಿ, ಮೊದಲು 76 ಉತ್ತರಗಳೆಂದ; ಕೆಲವು ತಪ್ಪೆಂದು ಕಂಡು 72ಕ್ಕೆ ಇಳಿಸಿದ. 1850ರಲ್ಲಿ ಫ್ರಾಂಜ್ ನಾಕ್ ಸರಿಯಾದ ಲೆಕ್ಕ ಕೊಟ್ಟ: 92.

ಗಾಸ್‌ನಂಥವನೂ ಎಡವಿದ ಈ ಎಣಿಕೆಯನ್ನು ಇಂದು ಹತ್ತು ಹನ್ನೆರಡು ಸಾಲಿನ ಪ್ರೋಗ್ರಾಂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಹಾಗೆಂದು ಅದು ಎಲ್ಲ ಜೋಡಣೆಗಳನ್ನೂ ನೋಡುವುದಿಲ್ಲ. 64 ಮನೆಗಳಲ್ಲಿ ಎಂಟನ್ನು ಆರಿಸುವ ಬಗೆಗಳು 442 ಕೋಟಿಗೂ ಹೆಚ್ಚು. ಸಾಲಿಗೊಬ್ಬಳೇ ರಾಣಿ ಎಂದು ಕಟ್ಟು ಹಾಕಿಕೊಂಡರೆ ಅದು 1,67,77,216ಕ್ಕೆ ಇಳಿಯುತ್ತದೆ. ಬ್ಯಾಕ್‌ಟ್ರ್ಯಾಕಿಂಗ್ ಹಿಡಿದರೆ 92 ಉತ್ತರಗಳನ್ನೂ ಹುಡುಕಿ ಮುಗಿಸುವ ಹೊತ್ತಿಗೆ ರಾಣಿಯನ್ನು ಮನೆಯಲ್ಲಿಡುವುದು ಬರೀ 2,056 ಸಲ.

ಉಪಾಯ ಸರಳ. ಮೇಲಿನ ಸಾಲಿನಿಂದ ಶುರುಮಾಡಿ ಒಬ್ಬೊಬ್ಬಳನ್ನೇ ಇಡುತ್ತಾ ಹೋಗುವುದು. ಜಗಳ ಬರುವ ಮನೆಯಾದರೆ ಅಲ್ಲಿ ಇಡುವುದೇ ಇಲ್ಲ. ಆ ಕೊಂಬೆಯನ್ನು ಬುಡದಲ್ಲೇ ಸವರಿದಂತೆ, ಅದರಾಚೆಗಿನ ಸಾವಿರಾರು ಜೋಡಣೆಗಳು ಹುಟ್ಟುವುದೇ ಇಲ್ಲ. ಒಂದು ಸಾಲಿನಲ್ಲಿ ಎಲ್ಲೂ ಜಾಗ ಸಿಗದಿದ್ದರೆ ಹಿಂದಿನ ಸಾಲಿಗೆ ಮರಳಿ, ಅಲ್ಲಿನ ರಾಣಿಯನ್ನು ಎತ್ತಿ ಮುಂದಿನ ಮನೆಗೆ ಸರಿಸುವುದು.

ಮನೆಯಲ್ಲಿ ಜಗಳವಿದೆಯೇ ಎಂದು ತಿಳಿಯುವುದು ಹೇಗೆ? ಈಗಾಗಲೇ ಕೂತ ಪ್ರತಿ ರಾಣಿಯ ಜೊತೆಗೂ ಹೋಲಿಸಿ ನೋಡಬಹುದು, ಆದರೆ ಅದು ನಿಧಾನ. ಜಾಣತನ ಇರುವುದು ಓರೆಗೆರೆಗಳಿಗೆ ಸಂಖ್ಯೆ ಕೊಡುವುದರಲ್ಲಿ. ಸಾಲು `r`, ಕಂಬಸಾಲು `c` ಎಂದಿಟ್ಟುಕೊಂಡು ಎರಡನ್ನೂ ಸೊನ್ನೆಯಿಂದ ಎಣಿಸೋಣ. ಎಡ ಮೇಲಿನಿಂದ ಬಲ ಕೆಳಕ್ಕೆ ಇಳಿಯುವ ಕರ್ಣದ ಮನೆಗಳಿಗೆಲ್ಲ `r-c` ಒಂದೇ; ಎದುರು ದಿಕ್ಕಿನ ಕರ್ಣದಲ್ಲಿ `r+c` ಒಂದೇ. ಹೀಗಾಗಿ ಹಲಗೆಯನ್ನು ನೋಡುವ ಅಗತ್ಯವೇ ಇಲ್ಲ. ಕಂಬಸಾಲಿಗೊಂದು, ಎರಡು ಬಗೆಯ ಕರ್ಣಗಳಿಗೆ ಒಂದೊಂದು, ಒಟ್ಟು ಮೂರು ಸೆಟ್ ಇಟ್ಟುಕೊಂಡು, ಸಂಖ್ಯೆ ಅಲ್ಲಿದೆಯೇ ಎಂದು ಕೇಳಿದರಾಯಿತು. ಸೆಟ್ಟುಗಳಿಂದ ಸವರುವ ಕೊಂಬೆಗಳ ಲೆಕ್ಕವೇನೂ ಹೆಚ್ಚುವುದಿಲ್ಲ. ಪ್ರತಿ ಪರೀಕ್ಷೆ ಅಗ್ಗವಾಗುತ್ತದೆ, ಅಷ್ಟೆ.

```python
def solve(r):
    global count
    if r == n:
        count += 1
        return
    for c in range(n):
        if c in cols or r-c in d1 or r+c in d2:
            continue
        cols.add(c); d1.add(r-c); d2.add(r+c)
        solve(r+1)
        cols.remove(c); d1.remove(r-c); d2.remove(r+c)
```

ನಾಲ್ಕು ರಾಣಿಯರ ಪುಟ್ಟ ಹಲಗೆಯಲ್ಲಿ ಇದನ್ನು ಕೈಯಲ್ಲೇ ಆಡಿಸಬಹುದು. ಮೊದಲ ರಾಣಿ (0,0)ರಲ್ಲಿ, ಎರಡನೆಯವಳು (1,2)ರಲ್ಲಿ ಕೂತರೆ ಮೂರನೇ ಸಾಲಿನಲ್ಲಿ ಒಂದು ಮನೆಯೂ ಉಳಿಯುವುದಿಲ್ಲ: (2,1)ರ ಮೊತ್ತ 3, ಅದು ಈಗಾಗಲೇ `d2`ನಲ್ಲಿದೆ, (2,3)ರ ವ್ಯತ್ಯಾಸ -1, ಅದು `d1`ನಲ್ಲಿದೆ. ಹಿಂದೆ ಸರಿದು ಎರಡನೆಯವಳನ್ನು (1,3)ಕ್ಕೆ ಕಳಿಸಿದರೆ ಮೂರನೆಯವಳಿಗೆ (2,1) ಸಿಗುತ್ತದೆ, ನಾಲ್ಕನೆಯವಳಿಗೆ ಮಾತ್ರ ಜಾಗವಿಲ್ಲ. ಕೊನೆಗೆ ಮೊದಲ ರಾಣಿಯೇ (0,1)ಕ್ಕೆ ಸರಿಯಬೇಕು. ಆಮೇಲೆ (1,3), (2,0), (3,2) ಸಲೀಸಾಗಿ ಕೂರುತ್ತವೆ.

ಹೊಸಬರು ಎಡವುವುದು ಕೊನೆಯ ಸಾಲಿನಲ್ಲಿ. ಕಾಯಿ ಇಡುವಾಗ ಸಂಖ್ಯೆ ಬರೆದುಕೊಂಡವರು, ಎತ್ತುವಾಗ ಅಳಿಸಲು ಮರೆಯುತ್ತಾರೆ. ಆಗ ಎದ್ದುಹೋದ ರಾಣಿಯ ನೆರಳು ಹಲಗೆಯ ಮೇಲೆ ಉಳಿದುಬಿಡುತ್ತದೆ. ಮೇಲಿನ ಉದಾಹರಣೆಯಲ್ಲೇ, (1,2) ಬಿಟ್ಟುಹೋದ ಮೊತ್ತ 3ರಿಂದಾಗಿ (2,1)ಕ್ಕೆ ಬಾಗಿಲು ಮುಚ್ಚುತ್ತದೆ. ಅದೇ ಮನೆಯ ವ್ಯತ್ಯಾಸ -1ರಿಂದಾಗಿ ಉತ್ತರದ ಮೊದಲ ಹೆಜ್ಜೆಯಾದ (0,1) ಕೂಡ ಸಿಗುವುದಿಲ್ಲ. ಪ್ರೋಗ್ರಾಂ ಎಲ್ಲೂ ಮುಗ್ಗರಿಸುವುದಿಲ್ಲ, ತಪ್ಪಿನ ಸಂದೇಶ ಕೊಡುವುದಿಲ್ಲ, ತೆಪ್ಪಗೆ 0 ಎಂದು ಹೇಳಿ ಮುಗಿಸುತ್ತದೆ. ನಿಜವಾದ ಉತ್ತರ 2.

ಈ ಉಪಾಯಕ್ಕೂ ಮಿತಿ ಇದೆ. ಹಲಗೆ ದೊಡ್ಡದಾದಂತೆ ಎಲ್ಲ ಉತ್ತರಗಳ ಎಣಿಕೆ ಭಯಂಕರವಾಗಿ ಬೆಳೆಯುತ್ತದೆ. 27 ರಾಣಿಯರ ಲೆಕ್ಕವನ್ನು ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಮುಗಿಸಿದರು. ಸಿಕ್ಕಿದ್ದು 18 ಅಂಕಿಗಳ ಸಂಖ್ಯೆ.

ಬರೆದು ನೋಡುವವರು 2 ಮತ್ತು 3 ರಾಣಿಯರ ಹಲಗೆಯನ್ನು ನಂಬಬಾರದು; ಅಲ್ಲಿ ಸರಿಯಾದ ಉತ್ತರವೂ ಸೊನ್ನೆಯೇ, ತಪ್ಪು ಪ್ರೋಗ್ರಾಮೂ ಪಾಸಾಗುತ್ತದೆ. 5ಕ್ಕೆ 10, 6ಕ್ಕೆ 4, 7ಕ್ಕೆ 40, 8ಕ್ಕೆ 92 ಬರಬೇಕು. ಕೆಲಸ ಮುಗಿದ ಮೇಲೆ ಮೂರೂ ಸೆಟ್ಟುಗಳನ್ನು ಒಮ್ಮೆ ಮುದ್ರಿಸಿ ನೋಡಿ, ಖಾಲಿಯಾಗಿರಬೇಕು.