ಹಳೆಯ ಗೋಡೆಗೆ ಸುರ್ಕಿ ಗಾರೆಯೇ ಏಕೆ?

ಸತ್ತೇಗಾಲದ ನಮ್ಮ ಹಳೆಯ ಇಟ್ಟಿಗೆ ಗೋಡೆಗೆ ಸಿಮೆಂಟ್ ಬದಲು ಸುಣ್ಣ–ಸುರ್ಕಿ ಗಾರೆ ಏಕೆ? ಎಷ್ಟು ಬೇಕು?

ಹಳೆಯ ಗೋಡೆ ನೆಲದ ತೇವವನ್ನು ಹೀರಿ, ಗಾರೆಯ ಮೂಲಕ ಹೊರಬಿಡುತ್ತದೆ. ಮಣ್ಣಿನ ಹೂಜಿ ಬೆವರುವ ಹಾಗೆ. ಸಿಮೆಂಟ್ ಆ ದಾರಿಯನ್ನು ಮುಚ್ಚಿದರೆ ತೇವ ಇಟ್ಟಿಗೆಯಿಂದಲೇ ಹೊರಬರಬೇಕು. ಆಗ ಉಪ್ಪು ಮೂಡಿ ಇಟ್ಟಿಗೆ ಉದುರುತ್ತದೆ, ಸಂದಿನ ಸಿಮೆಂಟ್ ಮಾತ್ರ ಏಣಿನಂತೆ ಉಳಿಯುತ್ತದೆ. ಸಿಮೆಂಟ್ ಹೆಚ್ಚು ಗಟ್ಟಿಯಲ್ಲವೇ ಎಂದರೆ, ಹೌದು. ಆದರೆ ಗಾರೆ ಇಟ್ಟಿಗೆಗಿಂತ ಮೆತ್ತಗಿದ್ದರೆ ಸವೆಯುವುದು ಗಾರೆ, ಗೋಡೆಯಲ್ಲ. ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ನೀರಿನಲ್ಲಿ ಸುಣ್ಣದೊಡನೆ ಬೆರೆತು ನಿಧಾನವಾಗಿ ಗಟ್ಟಿಯಾಗುತ್ತದೆ.

ಒಂದು ಪಾಲು ನೆನೆಸಿದ ಸುಣ್ಣಕ್ಕೆ ಎರಡು ಪಾಲು ಸುರ್ಕಿ ಸಾಕು. ಒಂದು ಘನ ಮೀಟರ್ ಕಟ್ಟಡಕ್ಕೆ ಗಾರೆ ಸುಮಾರು ಮೂರನೇ ಒಂದು ಭಾಗ. ಬೆರೆಸಿದಾಗ ಗಾತ್ರ ಕುಗ್ಗುವುದರಿಂದ ಬೇಕಾಗುವುದು ಅಂದಾಜು 0.15 ಘನ ಮೀಟರ್ ಸುಣ್ಣ, 0.3 ಸುರ್ಕಿ. ಗಾರೆ ಬೇಗ ಒಣಗಿದರೆ ಪುಡಿಯಾಗುತ್ತದೆ. ವಾರವಿಡೀ ಒದ್ದೆ ಗೋಣಿ ಹೊದಿಸಿ.